ಊರಿಗೆ ಹೊರಟವರ ಬುತ್ತಿ

ಬನಶಂಕರಿಯಲ್ಲಿ ಬಸ್ಸು ಬದಲಾಯಿಸಿ ಕಿಟಕಿ ಪಕ್ಕದ ಸೀಟು ಹಿಡಿದದ್ದೇ ತಡ, ತೇಜಸ್ವಿನಿ ಮಡಿಲಲ್ಲಿದ್ದ ಫೈಲನ್ನು ಮತ್ತೆ ತೆರೆದಳು. ಕಾರ್ಡುಗಳು ಅಲ್ಲೇ ಇದ್ದವು. ಚಿನ್ನದ ಬಣ್ಣದ್ದು ಒಂದು, ಬೆಳ್ಳಿಯ ಬಣ್ಣದ್ದು ಒಂದು. ಚಿಕ್ಕಲಸಂದ್ರದ ಮನೆ ಬಿಟ್ಟಾಗಿನಿಂದ ಅವು ಎಲ್ಲಿಗೂ ಓಡಿಹೋಗಿರಲಿಲ್ಲ. ಆದರೂ ನೋಡದಿದ್ದರೆ ಸಮಾಧಾನವಿಲ್ಲ. ಬೀಗ ಹಾಕಿ ಬೀದಿಯ ತುದಿಗೆ ಹೋದಮೇಲೂ ವಾಪಸ್ಸು ಬಂದು ಜಗ್ಗಿ ನೋಡುವ ಜಾತಿ ಅವಳದು.

ಹಗಲು ಕೆಲಸ, ಸಂಜೆ ಕಾಲೇಜು ಎಂದು ಬಿ.ಕಾಂ. ಮುಗಿಸಿ, ಅದೇ ಸಂಜೆ ತರಗತಿಗಳಲ್ಲಿ ಮಾರ್ಕೆಟಿಂಗ್ ಡಿಪ್ಲೊಮಾ ಮಾಡಿಕೊಂಡಿದ್ದಳು. ಜಯನಗರದಲ್ಲಿ ಬಳೆ ಅಂಗಡಿಯ ಮೇಲಿದ್ದ ಸಿದ್ಧಾರ್ಥನ ಜಾಹೀರಾತು ಆಫೀಸಿಗೆ ಸೇರಿ ಎರಡು ವರ್ಷವಾಗಿತ್ತು. ಆ ಎರಡು ವರ್ಷವೂ ಪೇಪರಿನಲ್ಲಿ ಬರುವ ಜಾಹೀರಾತುಗಳ ಪ್ರೂಫು ನೋಡಿದ್ದೇ ನೋಡಿದ್ದು. ಈಗ ಮೊದಲ ಸಲ ಪೂರ್ತಿ ಒಂದು ಕೆಲಸ ಅವಳ ಹೆಸರಿಗೆ ಬಂದಿತ್ತು.

"ನೋಡಮ್ಮಾ, ದಾನಮ್ಮನ ಖಾನಾವಳಿ, ಬಿಟಿಎಂ," ಎಂದಿದ್ದ ಸಿದ್ಧಾರ್ಥ. "ಕತ್ರಿಗುಪ್ಪೆಯಲ್ಲಿ ಒಂದು ಬ್ರಾಂಚು, ಜೆಪಿ ನಗರದಲ್ಲಿ ಇನ್ನೊಂದು. ಬಿಟಿಎಂನಲ್ಲಿ ಎದುರುಗಡೆ ಹೊಸ ಹೋಟೆಲಿನವನು ಬಂದು ಗಿರಾಕಿ ಕಿತ್ಕೋತಾ ಇದ್ದಾನೆ. ರೆಗ್ಯುಲರ್ ಜನಾನ ಹಿಡಿದಿಡೋಕೆ ಒಂದು ಸ್ಕೀಮು ಬೇಕಂತೆ. ಬರೀ ಡಿಸ್ಕೌಂಟ್ ಆದ್ರೆ ನಾವ್ಯಾಕೆ ಬೇಕು? ಪ್ರಿಂಟರ್ ಸಾಕು. ನೀನು ಏನಾದ್ರೂ ಮಾಡಿ ತೋರಿಸಿದ್ರೆ ಮುಂದಿನ ಕೆಲಸಾನೂ ನಿಂದೇ. ಆಗಲಿಲ್ಲ ಅಂದ್ರೆ, ಪ್ರೂಫು ಇದ್ದೇ ಇದೆ."

ಆ ಪ್ರೂಫಿನ ಮೇಜಿಗೆ ವಾಪಸ್ಸು ಹೋಗಬಾರದು. ಬಸ್ಸಿನಲ್ಲಿ ಕೂತ ತೇಜಸ್ವಿನಿಗೆ ಬೇಕಾಗಿದ್ದದ್ದು ಇಷ್ಟೇ.

ಖಾನಾವಳಿ ದೊಡ್ಡದೇನಲ್ಲ. ಉದ್ದಕ್ಕೆ ಕಡಪ ಕಲ್ಲು ಹಾಸಿದ ಮೇಜುಗಳು, ಎರಡೂ ಕಡೆ ಬೆಂಚು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಒಂದೇ ಸಮ ಬರುತ್ತಿತ್ತು. ಬಿಟಿಎಂನ ರೂಮುಗಳಲ್ಲಿ ನಾಲ್ಕೈದು ಜನ ಸೇರಿ ಬಾಡಿಗೆಗಿರುವ ಉತ್ತರ ಕರ್ನಾಟಕದ ಹುಡುಗರೇ ಇಲ್ಲಿಯ ಗಿರಾಕಿಗಳು. ತಿಂಗಳಿಗೊಂದು ಕೂಪನ್ ಪುಸ್ತಕ ಕೊಳ್ಳುತ್ತಾರೆ, ಊಟಕ್ಕೊಂದು ಚೀಟಿ ಹರಿದು ಗಲ್ಲಾದಲ್ಲಿ ಹಾಕುತ್ತಾರೆ. ಈಚೆಗೆ ಪುಸ್ತಕ ಮುಗಿದಮೇಲೆ ಹೊಸದು ಕೊಳ್ಳದೆ ರಸ್ತೆ ದಾಟುವವರು ಹೆಚ್ಚುತ್ತಿದ್ದರು.

ಗಲ್ಲಾದಲ್ಲಿ ಕೂತಿದ್ದವನು ದಾನಮ್ಮನ ತಮ್ಮ ಗುರುಸಿದ್ದ. ದಾನಮ್ಮ ಒಳಗಿನಿಂದ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. ಗಜೇಂದ್ರಗಡದ ಕಡೆಯವಳು. ಮನೆಯಲ್ಲಿ ರೊಟ್ಟಿ ಮಾಡಿ ಅಕ್ಕಪಕ್ಕದ ಹುಡುಗರಿಗೆ ಕೊಡುತ್ತ ಶುರುಮಾಡಿ ಈಗ ಮೂರು ಕಡೆ ಒಲೆ ಹಚ್ಚಿದ್ದಳು.

"ಬಾರವಾ, ಕುಂದರು. ಮೊದಲ ಉಣ್ಣತಿಯೋ, ಮಾತಾಡ್ತಿಯೋ?"

"ಮಾತಾಡಿಬಿಡ್ತೀನಿ ಅಮ್ಮಾ, ಇಲ್ಲಾಂದ್ರೆ ಮರ್ತುಹೋಗುತ್ತೆ."

ಗುರುಸಿದ್ದ ನಕ್ಕ. "ಮರೆಯೂದಕ್ಕೇನೈತ್ರಿ ಮೇಡಂ ಅದರಾಗ? ಎದುರಿನಾಂವ ಹತ್ತು ಊಟಕ್ಕ ಒಂದು ಊಟ ಪುಕ್ಕಟ ಅಂತ ಬೋರ್ಡ್ ಹಾಕ್ಯಾನ. ನಾವು ಎರಡು ಅಂತ ಹಾಕೂಣು. ಮುಗೀತಿಲ್ಲೋ?"

"ನೀವು ಎರಡು ಅಂದ್ರೆ ಅವರು ಮೂರು ಅಂತಾರಲ್ಲ ಸಾರ್?"

"ನಾವು ನಾಕು ಅಂತೀವಿ."

"ಆಮೇಲೆ ಇಬ್ರೂ ಸೇರಿ ಛತ್ರ ಇಟ್ಕೋತೀರಾ?"

ದಾನಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ತೇಜಸ್ವಿನಿಗೆ ಧೈರ್ಯ ಬಂತು. ಸಂಜೆ ತರಗತಿಯಲ್ಲಿ ಕೇಳಿದ್ದು, ಬಸ್ಸಿನಲ್ಲಿ ಗುನುಗಿಕೊಂಡದ್ದು ಎಲ್ಲ ನಾಲಿಗೆಗೆ ಬಂತು. ದಿನಾ ಬರುವವರು ಹೇಗೂ ಬರುತ್ತಾರೆ, ಬಿಟ್ಟಿ ಊಟದ ಮೊದಲ ಪಾಲು ಅವರಿಗೇ ಹೋಗುತ್ತದೆ. ಹೊಸಬರು ಅಗ್ಗ ಅಂತ ಬಂದರೆ, ಇನ್ನೂ ಅಗ್ಗ ಸಿಕ್ಕ ದಿನ ಎದ್ದುಹೋಗುತ್ತಾರೆ. ರಿಯಾಯಿತಿಯನ್ನು ಯಾವ ಅಂಗಡಿಯವನಾದರೂ ಕೊಡಬಹುದು. ದಾನಮ್ಮನ ಖಾನಾವಳಿ ಮಾತ್ರ ಕೊಡಬಹುದಾದದ್ದು ಏನು? ಅದನ್ನು ಕೊಡಬೇಕು.

"ಅದೇನದು?" ದಾನಮ್ಮ ಕೇಳಿದಳು.

"ಮರ್ಯಾದೆ ಅಮ್ಮಾ. ನೀವು ನಮಗೆ ಬೇಕಾದವರು ಅಂತ ತೋರಿಸೋದು." ತೇಜಸ್ವಿನಿ ಕಾರ್ಡುಗಳನ್ನು ಕಲ್ಲಿನ ಮೇಲಿಟ್ಟಳು. ಬಹಳ ದಿನದಿಂದ ಬರುತ್ತಿರುವವರಿಗೆ ಚಿನ್ನದ ಕಾರ್ಡು: ಊಟದ ಜೊತೆ ಶೇಂಗಾ ಹೋಳಿಗೆ, ಮೇಲೆ ತುಪ್ಪ. ಅವರಿಗಿಂತ ಸ್ವಲ್ಪ ಈಚಿನವರಿಗೆ ಬೆಳ್ಳಿ: ತುಪ್ಪ ಮಾತ್ರ. ಹೊಸಬರಿಗೆ ಮುಂದೆ ಸಿಗುವ ಆಸೆ. ರೇಟಿನಲ್ಲಿ ಒಂದು ಪೈಸೆ ಇಳಿಸುವ ಹಾಗಿಲ್ಲ.

ಗುರುಸಿದ್ದ ಚಿನ್ನದ ಕಾರ್ಡನ್ನು ತಿರುಗಿಸಿ ನೋಡಿದ. "ಛಲೋ ಹೊಳಿತದ," ಎಂದ. ದಾನಮ್ಮ, "ಓದಿದಾಕಿ ನೀನು. ಮಾಡಿ ನೋಡೂಣು," ಎಂದಳು. ಬಿಟಿಎಂನಲ್ಲಿ ಮೊದಲು ಪರೀಕ್ಷೆ. ಕತ್ರಿಗುಪ್ಪೆಯಲ್ಲಿ ಏನೂ ಬದಲಾಯಿಸದೆ ಹಾಗೇ ಬಿಡುವುದು, ಹೋಲಿಸಿ ನೋಡಲು. ನಾಗರ ಪಂಚಮಿ ಹಬ್ಬದ ಹೊತ್ತಿಗೆ ಇಲ್ಲಿ ಪುಸ್ತಕ ಮತ್ತೆ ಕೊಳ್ಳುವವರು ಹೆಚ್ಚದಿದ್ದರೆ ಗುರುಸಿದ್ದನ ಬಿಟ್ಟಿ ಊಟದ ಚೀಟಿ ಮೂರೂ ಕಡೆ.

ಸೋಮವಾರ ಮಧ್ಯಾಹ್ನ ತೇಜಸ್ವಿನಿ ಗಲ್ಲಾದ ಪಕ್ಕ ನಿಂತು ಕಾದಳು. ಮೊದಲ ಚಿನ್ನದ ಕಾರ್ಡು ಮೌನೇಶನದು. ಕೊರಿಯರ್ ಆಫೀಸಿನಲ್ಲಿ ಕೆಲಸ, ಲಿಂಗಸುಗೂರಿನ ಕಡೆಯವನು, ಖಾನಾವಳಿಯ ಮೊದಲ ವರ್ಷದಿಂದಲೂ ಇಲ್ಲೇ ಊಟ. ಅವನ ಪಕ್ಕ ಊರಿನಿಂದ ವಾರದ ಹಿಂದೆ ಬಂದಿಳಿದಿದ್ದ ಚಿಕ್ಕಪ್ಪನ ಮಗ ಹನಮಂತ. ಎದುರಿಗೆ, ಆಚೀಚೆ, ಬೆಂಚಿನ ತುಂಬ ಜನ.

ಬಡಿಸುವವನು ಮೌನೇಶನ ತಾಟಿಗೆ ಹೋಳಿಗೆ ಹಾಕಿ, ತುಪ್ಪ ಬಿಟ್ಟು, ಹನಮಂತನನ್ನು ದಾಟಿ ಮುಂದೆ ಹೋದ.

"ಏ, ಇವಗ?" ಮೌನೇಶ ಕರೆದ.

"ಅವರದು ಕಾರ್ಡ್ ಇಲ್ರಿ."

ಮೌನೇಶ ಹೋಳಿಗೆ ಮುರಿದು ಅರ್ಧ ತಮ್ಮನ ತಾಟಿಗೆ ಹಾಕಿದ. ಹನಮಂತ ಕೆಂಪಾಗಿ, "ಬ್ಯಾಡೋ ಅಣ್ಣಾ," ಎಂದು ವಾಪಸ್ಸು ಇಟ್ಟ. ಎದುರಿನ ಬೆಂಚಿನಲ್ಲಿ ಬೆಳ್ಳಿ ಕಾರ್ಡಿನವನೊಬ್ಬ ತನ್ನ ರೊಟ್ಟಿಯ ಮೇಲೆ ಬಿದ್ದ ತುಪ್ಪವನ್ನು, ಪಕ್ಕದವನ ಒಣ ರೊಟ್ಟಿಯನ್ನು ಒಮ್ಮೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಮೂಲೆಯಿಂದ ಯಾರೋ, "ನಾ ತಾಮ್ರದ ಕಾರ್ಡಿನಾಂವ್ರಿ. ನನಗ ನೀರರ ಸಿಗತಾವೋ ಇಲ್ಲೋ?" ಎಂದ. ಒಂದಿಬ್ಬರು ನಕ್ಕರು. ಆ ನಗು ನಿಂತಮೇಲೆ ಉಣ್ಣುವ ಸದ್ದೂ ನಿಂತಿತು. ಯಾರೂ ಜಗಳ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಎಲ್ಲರೂ ತಾಟಿನ ಮುಂದೆ ಕೈ ಕಟ್ಟಿ ಕೂತರು.

ಒಳಗೆ ರೊಟ್ಟಿ ಬಡಿಯುವುದು ನಿಂತು, ದಾನಮ್ಮ ಹೊರಗೆ ಬಂದಳು. ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಏನಾಗಿದೆ ಅಂತ ಯಾರನ್ನೂ ಕೇಳಲಿಲ್ಲ. ಹೋಳಿಗೆಯ ಬುಟ್ಟಿ ಕಸಿದುಕೊಂಡು ತುದಿಯಿಂದ ಪ್ರತಿ ತಾಟಿಗೂ ಒಂದೊಂದು ಹಾಕುತ್ತ ಬಂದಳು. ಹಿಂದೆಯೇ ತುಪ್ಪ. "ಉಣ್ರಪಾ, ಉಣ್ರಿ. ತಪ್ಪಾತು," ಎಂದಳು. ಆಮೇಲೆಯೇ ಸಾಲು ಊಟಕ್ಕೆ ಕೈ ಹಾಕಿದ್ದು.

ಜನ ಎದ್ದುಹೋದಮೇಲೆ ತೇಜಸ್ವಿನಿ ಮೂಲೆಯ ಬೆಂಚಿನಲ್ಲಿ ಕೂತಿದ್ದಳು.

"ಒಂದ ಪಂಕ್ತಿಯೊಳಗ ಎರಡು ನಮೂನಿ ನೀಡಬಾರದವಾ," ದಾನಮ್ಮ ಮೆಲ್ಲಗೆ ಹೇಳಿದಳು. "ನಮ್ಮ ಕಡೆ ಪಂಕ್ತಿಭೇದ ಅಂದ್ರ ಉಂಡದ್ದು ಮೈಗೆ ಹತ್ತಂಗಿಲ್ಲ. ನಿಂದಷ್ಟ ತಪ್ಪಲ್ಲ, ನಾನೂ ಹೂಂ ಅಂದೀನಿ. ಕಾರ್ಡ್ ಅಂದ್ರ ಕಾಗದ ಅಂತ ತಿಳಕೊಂಡಿದ್ದೆ. ತಾಟಿಗೆ ಬಂದ ಮ್ಯಾಲೆ ಗೊತ್ತಾತು."

"ಅಂದಮ್ಯಾಲೆ ನನ್ನ ಚೀಟಿ ಪ್ರಿಂಟಿಗೆ ಕೊಡ್ಲೇನು?" ಗುರುಸಿದ್ದ ಗಲ್ಲಾದಿಂದಲೇ ಕೂಗಿದ.

"ಪಂಚಮಿ ತನಕ ಅಂತ ಮಾತು ಕೊಟ್ಟೀವಿ. ಇನ್ನೂ ಪಂಚಮಿ ಬಂದಿಲ್ಲ."

ಆಫೀಸಿನಲ್ಲಿ ಸಿದ್ಧಾರ್ಥ ಕತೆ ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ. "ಸಖತ್! ವಿಮಾನದವರು ಕೊಡೋ ಕಾರ್ಡನ್ನ ತಗೊಂಡ್ಹೋಗಿ ರೊಟ್ಟಿ ಊಟಕ್ಕೆ ಅಂಟಿಸಿದ್ದೀಯ. ನಾನೂ ಸೈನ್ ಹಾಕಿದ್ದೀನಿ, ಬಿಡು. ಈಗೇನ್ಮಾಡ್ತೀಯ?"

ಆಗಲೇ ಒಂದು ಮಾತು ಹೊಳೆದು ತೇಜಸ್ವಿನಿಯನ್ನು ಚುಚ್ಚಿತು. ಆ ಖಾನಾವಳಿಯ ಗಿರಾಕಿಗಳನ್ನು ಹಿಡಿದಿಡುವ ಉಪಾಯ ಮಾಡಿದವಳು ಅಲ್ಲಿ ಒಂದು ಹೊತ್ತಾದರೂ ಕೂತು ಉಂಡಿರಲಿಲ್ಲ. ಮೊದಲು ಮಾತಾಡುತ್ತೇನೆ ಎಂದವಳು ಮಾತೇ ಆಡುತ್ತ ಉಳಿದಿದ್ದಳು. ಮರುದಿನವೇ ಹೋಗಿ ಎಲ್ಲರ ಹಾಗೆ ದುಡ್ಡು ಕೊಟ್ಟು ಒಂದು ಕೂಪನ್ ಪುಸ್ತಕ ಕೊಂಡಳು.

"ಮೇಡಂಗ ಚಿನ್ನದ್ದೋ ಬೆಳ್ಳೀದೋ?" ಗುರುಸಿದ್ದ ಕೆಣಕಿದ.

"ತಾಮ್ರದ್ದು ಕೊಡಿ ಸಾರ್."

ಸಾಲಿನಲ್ಲಿ ಕೂತು ಉಂಡಳು. ಪಕ್ಕದವರ ತಾಟಿನಲ್ಲಿ ಇದ್ದದ್ದೇ ಅವಳ ತಾಟಿನಲ್ಲೂ. ಯಾರ ರೊಟ್ಟಿ ಮುಗಿಯುತ್ತಿದೆ ಎಂದು ದಾನಮ್ಮ ಬಾಗಿಲಿನಿಂದ ಕಣ್ಣಲ್ಲೇ ಲೆಕ್ಕ ಇಡುತ್ತಿದ್ದಳು. ಜ್ವರ ಬಂದವನಿಗೆ ಗಂಜಿ, ಸಂಬಳ ತಡವಾದವನಿಗೆ "ಪುಸ್ತಕ ಆಮ್ಯಾಲೆ ತಗೋ, ಮೊದಲ ಉಣ್ಣು." ಎದುರಿನ ಹೋಟೆಲಿನಲ್ಲಿ ಇದು ಸಿಗಲಿಕ್ಕಿಲ್ಲ. ಆದರೂ ಹುಡುಗರು ದಾಟಿ ಹೋಗುತ್ತಿದ್ದರು. ಇಲ್ಲಿ ಸಿಗುವುದು ಬೇರೆಯದು ಎಂಬುದು ಕೈಗೆ ಹಿಡಿದು ತೋರಿಸುವ ಹಾಗೆ ಇರಲಿಲ್ಲ. ಅದು ಒಂದು ವಸ್ತುವಾಗಬೇಕು. ಸಾಲಿನ ಆಚೆ ಸಿಗುವ ವಸ್ತು.

ಶುಕ್ರವಾರ ಸಂಜೆ ಆ ವಸ್ತು ಬೆನ್ನಿಗೆ ಚೀಲ ಏರಿಸಿಕೊಂಡೇ ಬಂತು.

ಮೌನೇಶ ಬೇಗ ಉಂಡು ಗಲ್ಲಾದ ಮುಂದೆ ನಿಂತಿದ್ದ. ಮೆಜೆಸ್ಟಿಕ್‌ನಿಂದ ಊರಿನ ಬಸ್ಸು ಹಿಡಿಯಬೇಕು. "ಗುರುಸಿದ್ದಣ್ಣ, ನಾಕು ರೊಟ್ಟಿ ಪಾರ್ಸಲ್ ಮಾಡ್ರಿ. ಬಸ್ಸಿನ್ಯಾಗ ಬೇಕಾಗ್ತಾವ."

ಗುರುಸಿದ್ದ ರೊಟ್ಟಿಯ ಬೆಲೆ ಹೇಳಿ, "ಪಾರ್ಸಲ್ ಕವರಿಂದು ಬ್ಯಾರೆ," ಎಂದ. ಗೋಡೆಯ ಮೇಲೆ ಬೋರ್ಡೂ ಇತ್ತು. ಮೌನೇಶ ಚಿಲ್ಲರೆ ಹುಡುಕತೊಡಗಿದ.

ತೇಜಸ್ವಿನಿ ತನ್ನ ತಾಟಿನ ಮುಂದಿನಿಂದ ಕೇಳಿದಳು: "ಊರಿಂದ ಇಲ್ಲಿಗೆ ಬರುವಾಗ ಬಸ್ಸಲ್ಲಿ ಏನು ತಿಂತೀರಿ?"

"ಆವಾಗ ಅವ್ವ ಬುತ್ತಿ ಕಟ್ಟಿರ್ತಾಳ್ರಿ ಮೇಡಂ. ಬ್ಯಾಡ ಅಂದ್ರೂ ಬಿಡಂಗಿಲ್ಲ. ಇಬ್ಬರು ತಿಂದ್ರೂ ಮಿಗೂವಷ್ಟು."

"ಇಲ್ಲಿಂದ ಹೋಗುವಾಗ?"

"ಇಲ್ಲಿಂದ ಹೋಗುವಾಗ ಯಾರು ಕಟ್ಟಬೇಕ್ರಿ?" ಎಂದು ನಕ್ಕು, ಮೌನೇಶ ಪ್ಲಾಸ್ಟಿಕ್ ಕವರು ತೂಗಾಡಿಸುತ್ತ ಹೋದ.

ತೇಜಸ್ವಿನಿ ಕೈ ತೊಳೆಯದೆ ಎದ್ದಳು. ಅಡುಗೆಮನೆಯ ಹೊಸಿಲಲ್ಲಿ ನಿಂತು, "ಅಮ್ಮಾ! ಬುತ್ತಿ!" ಎಂದಳು.

"ಏನಾತವಾ? ಇನ್ನೊಂದು ರೊಟ್ಟಿ ಬೇಕೇನು?"

"ನನಗಲ್ಲ ಅಮ್ಮಾ. ಮನೇಲಿ ದಿನಾ ಊಟ ಮಾಡೋ ಮಗ ಊರಿಗೆ ಹೊರಟ್ರೆ ತಾಯಿ ಏನ್ಮಾಡ್ತಾಳೆ? ಹತ್ತು ಊಟಕ್ಕೆ ಒಂದು ಊಟ ಬಿಟ್ಟಿ ಅಂತಾಳಾ? ಬುತ್ತಿ ಕಟ್ತಾಳೆ! ನಮ್ಮಲ್ಲಿ ಏನಾಗ್ತಿದೆ? ಮೂರು ವರ್ಷ ಉಂಡವನು ಊರಿಗೆ ಹೊರಟ್ರೆ ಕವರಿಗೆ ಕಾಸು ಕೇಳ್ತೀವಿ!"

ದಾನಮ್ಮನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ನಿಂತಿತು. ಅವಳು ಗಲ್ಲಾದ ಕಡೆ ತಿರುಗಿ, "ಗುರುಸಿದ್ದಾ! ಆ ಬೋರ್ಡ್ ತಗಿ!" ಎಂದು ಕೂಗಿದಳು.

ಆ ಸಂಜೆ ಮೂವರೂ ಮಾತಿಗೆ ಕೂತರು. ತೇಜಸ್ವಿನಿಗೆ ಹೇಳಿಕೊಂಡಷ್ಟೂ ಹೊಸದು ಹೊಳೆಯುತ್ತಿತ್ತು. ಬೇರೆ ಕಾರ್ಡೇ ಬೇಡ. ಕೂಪನ್ ಪುಸ್ತಕದ ಊಟಗಳು ಮುಗಿದಾಗ ಉಳಿಯುವ ಹಿಂದಿನ ರಟ್ಟೇ ಬುತ್ತಿಯ ಚೀಟಿ. ಒಂದು ಪುಸ್ತಕ ಮುಗಿಸಿದರೆ ಒಂದು ಬುತ್ತಿ, ಹಳಬರಿಗೂ ಹೊಸಬರಿಗೂ ಅದೇ. ಊಟದ ಸಾಲಿನಲ್ಲಿ ಯಾವ ಭೇದವೂ ಇಲ್ಲ. ಬೇಕಾದಾಗ ಬಳಸಬಹುದು, ಕೂಡಿಟ್ಟುಕೊಳ್ಳಬಹುದು. ಇವತ್ತು ಹೇಳಿದರೆ ನಾಳೆ ಸಂಜೆಗೆ ತಯಾರು.

"ಬುತ್ತಿಯೊಳಗ ಏನೇನು?" ಗುರುಸಿದ್ದ ಕೇಳಿದ.

ಅದನ್ನು ದಾನಮ್ಮನೇ ಹೇಳಿದಳು. ಕೆಡದಂಥ ಸಜ್ಜಿ ರೊಟ್ಟಿ, ಝುಣಕದ ವಡಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಪ್ಲಾಸ್ಟಿಕ್ ಅಲ್ಲ, ಬಟ್ಟೆಯಲ್ಲಿ ಗಂಟು. ಲೆಕ್ಕ ಹಾಕಿ ನೋಡಿದರೆ ಬಟ್ಟೆ ಸೇರಿದರೂ ಗುರುಸಿದ್ದನ ಬಿಟ್ಟಿ ಊಟಗಳಿಗಿಂತ ಕಡಿಮೆ ಖರ್ಚು.

"ಒಂದು ಮಾತು," ಗುರುಸಿದ್ದ ಕಣ್ಣು ಮಿಟುಕಿಸಿದ. "ಮಂದಿ ಆ ರಟ್ಟು ಕಳಕೋತಾರ. ಅದು ನಮಗ ಉಳೀತದ."

"ಡಿಸ್ಕೌಂಟ್ ಚೀಟಿ ಆಗಿದ್ರೆ ಉಳೀತಿತ್ತು ಸಾರ್. ಇದರಲ್ಲಿ ಅವರು ಕಳ್ಕೊಂಡ್ರೆ ನಮಗೇ ನಷ್ಟ. ಆ ಬುತ್ತಿ ಬಸ್ಸಲ್ಲಿ ಬಿಚ್ಚಿದಾಗ್ಲೇ ಅಲ್ವಾ ದಾನಮ್ಮನ ಖಾನಾವಳಿ ಅಂದ್ರೆ ಏನು ಅಂತ ಅವರಿಗೂ ಪಕ್ಕದವರಿಗೂ ಗೊತ್ತಾಗೋದು? ರಟ್ಟು ಕಳೆದ್ರೂ ಕೊಡಿ. ಪುಸ್ತಕ ಕೊಂಡಿದ್ದು ನಿಮ್ಮಲ್ಲಿ ಬರೆದಿರುತ್ತಲ್ಲ."

"ಅರಿವಿಗರ ಡಿಪಾಸಿಟ್ ಇಸಕೊಳ್ಳೂಣು. ಅರಿವಿ ವಾಪಸ್ ಬರಂಗಿಲ್ಲ."

"ಬಟ್ಟೆ ವಾಪಸ್ ಬರೋದು ಬೇಡ. ಹೋಯ್ತು ಅಂತಲೇ ಲೆಕ್ಕ ಹಾಕಿದ್ದೀನಿ."

ಸಿದ್ಧಾರ್ಥ ಬಟ್ಟೆಯ ತುಂಬ ಖಾನಾವಳಿಯ ಹೆಸರು, ಮೂರು ಬ್ರಾಂಚಿನ ಫೋನ್ ನಂಬರು ಹಾಕಿಸು ಎಂದ. ತೇಜಸ್ವಿನಿ ಇಡೀ ದಿನ ಒದ್ದಾಡಿ, ಸಂಜೆ ಅವನ ಮೇಜಿನ ಮುಂದೆ ನಿಂತು, "ಸಾರ್, ಅಮ್ಮ ಕಟ್ಟಿದ ಬುತ್ತಿ ಮೇಲೆ ಫೋನ್ ನಂಬರ್ ಇರಲ್ಲ," ಎಂದಳು. ಹೇಳಿದಮೇಲೆ ತಾನೇ ಬೆಚ್ಚಿದಳು. ಸಿದ್ಧಾರ್ಥ ಅವಳನ್ನು ಹೊಸದಾಗಿ ನೋಡುವವನ ಹಾಗೆ ನೋಡಿ, "ಏನಾದ್ರೂ ಹಾಕಮ್ಮಾ ಮತ್ತೆ!" ಎಂದ. ಕೆಂಪಂಚಿನ ಬಿಳಿ ಬಟ್ಟೆ. ಒಂದು ಮೂಲೆಯಲ್ಲಿ ಸಣ್ಣಗೆ, ದಾನಮ್ಮ ಹೊರಟವರಿಗೆಲ್ಲ ಹೇಳುವ ಎರಡೇ ಮಾತು: ಹೋಗಿ ಬರ್ರಿ.

ಬಟ್ಟೆಗಳು ಬಂದವು. ಬೋರ್ಡು ಬರೆಸಿದರು. ಮೊದಲ ವಾರ ಒಬ್ಬನೂ ಬುತ್ತಿ ಕೇಳಲಿಲ್ಲ.

ತೇಜಸ್ವಿನಿಗೆ ನಿದ್ದೆ ಹತ್ತಲಿಲ್ಲ. ಹುಡುಗರು ಬೋರ್ಡು ಓದುತ್ತಾರೆ, "ಭಾರಿ ಐತಿ" ಎನ್ನುತ್ತಾರೆ, ಸುಮ್ಮನೆ ಹೋಗುತ್ತಾರೆ. ಕೊನೆಗೆ ಮೌನೇಶನನ್ನೇ ಅಡ್ಡಹಾಕಿ ಕೇಳಿದಳು. ಅವನು ಮುಜುಗರದಿಂದ ಬೋರ್ಡಿನ ಕೆಳಸಾಲು ತೋರಿಸಿದ. 'ಊರಿನ ಬಸ್ ಟಿಕೆಟ್ ತೋರಿಸತಕ್ಕದ್ದು.' ಮೇಲಿನ ಸಾಲುಗಳಿಗಿಂತ ದಪ್ಪ ಅಕ್ಷರ. ಬೋರ್ಡಿಗೆ ಬಣ್ಣ ಹಾಕಿಸುವಾಗ ಗುರುಸಿದ್ದ ಸೇರಿಸಿದ್ದ. ದಿನಾ ಅದರ ಕೆಳಗೇ ಕೂತು ಉಂಡರೂ ಅವಳು ಮೇಲಿನ ತನ್ನ ಸಾಲುಗಳನ್ನಷ್ಟೇ ಓದಿಕೊಂಡು ಸುಖಪಟ್ಟಿದ್ದಳು. ಎರಡು ವರ್ಷ ಪ್ರೂಫು ನೋಡಿದ ಕಣ್ಣು!

"ರಾತ್ರಿ ಬಸ್ ಟಿಕೆಟ್ ನಾವು ಹತ್ತಿದ ಮ್ಯಾಲೆ ತಗೋತೀವ್ರಿ," ಮೌನೇಶ ಹೇಳಿದ. "ಮ್ಯಾಲೆ, ಬುತ್ತಿ ಕಟ್ಟೂ ಮುಂದ ಯಾರರ ಟಿಕೆಟ್ ಕೇಳ್ತಾರೇನ್ರಿ?"

ಗುರುಸಿದ್ದನೂ ಸುಮ್ಮನೆ ಬಿಡಲಿಲ್ಲ. "ಊರಿಗೆ ಹೋಗದೇ ಬುತ್ತಿ ಇಸಕೊಂಡು ರೂಮಿನ್ಯಾಗ ಕುಂತು ತಿಂದ್ರ?"

"ತಿನ್ಲಿ ಸಾರ್! ಪುಸ್ತಕ ಮುಗಿಸಿದ್ದಾರೆ ತಾನೆ? ಪುಸ್ತಕಕ್ಕೊಂದೇ ಬುತ್ತಿ ಅಂತ ಮೊದಲೇ ಮಿತಿ ಇದೆ. ಮತ್ತೆ ಟಿಕೆಟ್ ಯಾಕೆ? ಕಳ್ಳನನ್ನ ಹಿಡಿಯೋಕೆ ಹೋಗಿ ಮನೆಯವರನ್ನೆಲ್ಲ ಕಳ್ಳರು ಅಂದ ಹಾಗಾಯ್ತು."

ದಾನಮ್ಮ ಒಲೆಯಿಂದ ಇದ್ದಿಲು ತಂದು ಆ ಸಾಲಿನ ಮೇಲೆ ಬಳಿದಳು.

ಆಮೇಲೆ ಪಂಚಮಿ ಹತ್ತಿರ ಬಂತು ನೋಡಿ! ಆ ಸಲ ಹಬ್ಬ ವಾರದ ಕೊನೆಗೆ ಬಿದ್ದಿತ್ತು. ಅಕ್ಕತಂಗಿಯರು ತವರಿಗೆ ಬರುವ ಹಬ್ಬ, ಅಣ್ಣತಮ್ಮಂದಿರು ಊರಲ್ಲಿರಲೇಬೇಕು. ಹುಡುಗರು ಊರಿಗೆ ಹೊರಡುವ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಅಡುಗೆಮನೆಯಲ್ಲಿ ಗಂಟು ಕಟ್ಟಿದ್ದೇ ಕಟ್ಟಿದ್ದು. ತೇಜಸ್ವಿನಿ ಚಟ್ನಿ ಪೊಟ್ಟಣ ಮಡಚಿ ಮಡಚಿ ಬೆರಳೆಲ್ಲ ಖಾರ. ದಾನಮ್ಮ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಗೂ ತಾನೇ ಇಟ್ಟಳು. "ಹೋಗಿ ಬರ್ರಿ. ಅವ್ವಗ ಕೇಳೇನಂತ ಹೇಳು. ಬಸ್ಸಿನ್ಯಾಗ ಕಿಡಿಕಿ ಮುಚ್ಚಕೋ." ಹುಡುಗರು ನಾಚಿಕೊಂಡು, ನಗುತ್ತ, ಗಂಟನ್ನು ಚೀಲದ ಮೇಲೆಯೇ ಇಟ್ಟುಕೊಂಡು ಹೋದರು. ಅಣ್ಣನ ಪುಸ್ತಕದಲ್ಲೇ ಉಣ್ಣುತ್ತಿದ್ದ ಹನಮಂತ ಇನ್ನೂ ತನ್ನದೊಂದು ಕೊಂಡಿರಲಿಲ್ಲ. ದೂರ ನಿಂತಿದ್ದ ಅವನನ್ನು ದಾನಮ್ಮನೇ ಕರೆದು, "ಅಣ್ಣನ ಗಂಟು ದೊಡ್ಡದು ಕಟ್ಟೀನಿ. ಇಬ್ಬರಿಗೂ ಆಗ್ತದ," ಎಂದಳು. ತೇಜಸ್ವಿನಿ ನಿಯಮ ಮುರಿಯಿತಲ್ಲ ಎಂದು ಕ್ಷಣ ಗಾಬರಿಯಾದಳು. ಮರುಕ್ಷಣ, ಸರಿಯಾಗಿಯೇ ಇದೆ ಅನ್ನಿಸಿತು.

ಎಲ್ಲ ಹೊರಟುಹೋದಮೇಲೆ ಖಾನಾವಳಿ ಬಿಕೋ ಎಂದಿತು. ಆಗಲೇ ಎದುರಿನ ಹೋಟೆಲಿನವನು ಏಣಿ ಹಾಕಿ ಹೊಸ ಬೋರ್ಡು ಕಟ್ಟಿಸತೊಡಗಿದ. ಸೋಮವಾರದಿಂದ ಹತ್ತು ಊಟಕ್ಕೆ ಮೂರು ಊಟ ಉಚಿತ.

"ಮೂರು!" ಗುರುಸಿದ್ದ ತಲೆಯ ಮೇಲೆ ಕೈ ಹೊತ್ತ. "ಊರಾಗ ರೊಕ್ಕಾ ಖರ್ಚು ಮಾಡಿಕೊಂಡು ಬಂದವರು ಸೀದಾ ಅಲ್ಲೇ ಹೊಕ್ಕಾರು. ಮೇಡಂ, ನಿಮ್ಮ ಬುತ್ತಿ ಅವರು ಬಸ್ಸಿನ್ಯಾಗ ತಿಂದು ಮರೆತಿರ್ತಾರ."

ಹಬ್ಬ ಮುಗಿಯುವವರೆಗೂ ತೇಜಸ್ವಿನಿಗೆ ಅದೇ ಯೋಚನೆ. ಹೊಸ ಪುಸ್ತಕ ಕೊಳ್ಳುವವರು ಕೊಳ್ಳುವುದು ಸೋಮವಾರ. ಉಳಿಯುವುದೋ ಹೋಗುವುದೋ ಅವತ್ತೇ ಗೊತ್ತಾಗುತ್ತದೆ.

ಸೋಮವಾರ ತಡೆಯಲಾರದೆ ಮೊದಲ ಬಸ್ಸಿಗೇ ಹೊರಟಳು. ಖಾನಾವಳಿ ಬಾಗಿಲು ತೆರೆಯಲು ಇನ್ನೂ ಹೊತ್ತಿರುತ್ತದೆ, ಮೆಟ್ಟಿಲ ಮೇಲೆ ಕೂತು ಕಾಯೋಣ ಎಂದುಕೊಂಡು ತಿರುವಿನಲ್ಲಿ ಇಳಿದು ನೋಡಿದರೆ ಮೆಟ್ಟಿಲಲ್ಲಿ ಜಾಗವೇ ಇರಲಿಲ್ಲ. ರಾತ್ರಿ ಬಸ್ಸಿನಲ್ಲಿ ಕೆದರಿದ ತಲೆ, ಕೆಂಪು ಕಣ್ಣು, ಪಕ್ಕದಲ್ಲಿ ಚೀಲ. ಮೆಜೆಸ್ಟಿಕ್‌ನಿಂದ ರೂಮಿಗೂ ಹೋಗದೆ ನೇರ ಬಂದಿದ್ದರು. ಎಲ್ಲರ ಮಡಿಲಲ್ಲೂ ಕೆಂಪಂಚಿನ ಗಂಟು. ಕಟ್ಟಿ ಕೊಟ್ಟಾಗಿನದಕ್ಕಿಂತ ದಪ್ಪ.

"ಇದೇನ್ರಿ ಮೌನೇಶ್ ಅವರೇ?"

"ಅವ್ವ ಬೈದ್ಲುರಿ," ಮೌನೇಶ ಹೇಳಿದ. "ಬುತ್ತಿ ಕಟ್ಟಿಕೊಟ್ಟಾಕಿ ಅರಿವಿ ಬರಿದ ವಾಪಸ್ ಒಯ್ತಿಯೇನ ಅಂತ. ಪಂಚಮಿ ಉಂಡಿ ಅದಾವ."

"ನಮ್ಮ ಮನ್ಯಾಗೂ ಹಂಗ," ಎಂದ ಇನ್ನೊಬ್ಬ. "ಎಳ್ಳುಂಡಿ. ಮ್ಯಾಲೆ ಜ್ವಾಳದ ಅಳ್ಳು."

"ನಂದು ಶೇಂಗಾ ಉಂಡಿ. ಬಸ್ಸಿನ್ಯಾಗ ಬಾಜೂದಾಂವ ಎರಡು ತಿಂದ, ಸುಳ್ಳ್ಯಾಕ ಹೇಳ್ಲಿ."

ಇದು ತೇಜಸ್ವಿನಿಯ ಯಾವ ಕಾಗದದಲ್ಲೂ ಇರಲಿಲ್ಲ. ಬಟ್ಟೆ ಹೋಯಿತು ಎಂದು ಲೆಕ್ಕ ಹಾಕಿದ್ದಳು. ಕಟ್ಟಿಕೊಟ್ಟವರಿಗೆ ಬರಿದೇ ಹಿಂದಿರುಗಿಸಬಾರದು ಎಂಬುದು ಅಲ್ಲಿಯ ಪ್ರತಿ ಮನೆಯ ಅಡುಗೆಮನೆಯಲ್ಲೂ ಗೊತ್ತಿರುವ ಮಾತು. ಬಟ್ಟೆಯನ್ನು ನೋಡಿದ ತಾಯಂದಿರು ಇದು ಹೋಟೆಲಿನ ಪಾರ್ಸಲ್ ಅಲ್ಲ, ಒಂದು ಮನೆಯಿಂದ ಬಂದ ಗಂಟು ಎಂದು ಒಪ್ಪಿಕೊಂಡಿದ್ದರು! ಅವಳಿಗೆ ಕುಣಿಯಬೇಕು ಅನ್ನಿಸಿತು. ಬಿಟಿಎಂನ ರಸ್ತೆಯಲ್ಲಿ ಹಾಲಿನವರ ಮುಂದೆ ಕುಣಿಯುವುದು ಹೇಗೆ? ಓಡಿಹೋಗಿ ಷಟರು ಬಡಿದಳು.

"ಅಮ್ಮಾ! ಬಾಗಿಲು ತೆಗೀರಿ! ಬಂದಿದ್ದಾರೆ!"

ಒಳಗೆ ಹಿಟ್ಟು ನಾದುತ್ತಿದ್ದ ದಾನಮ್ಮ ಷಟರ್ ಎತ್ತಿ, ಮೆಟ್ಟಿಲು ನೋಡಿ, ಒಂದು ಗಂಟನ್ನು ಕೈಗೆ ತೆಗೆದುಕೊಂಡು ಬಿಚ್ಚಿದಳು. ಬೆಲ್ಲ, ಏಲಕ್ಕಿಯ ವಾಸನೆ ಬಂತು. ಮುಖ ಆಚೆ ತಿರುಗಿಸಿಕೊಂಡು, "ಒಲಿ ಹಚ್ಚತೀನಿ. ಮಾರಿ ತೊಳಕೊಂಡು ಎಲ್ಲಾರೂ ಸಾಲಿಗೆ ಕುಂದರ್ರಿ," ಎಂದಳು.

ದೊಡ್ಡ ಪರಾತಗಳಲ್ಲಿ ಉಂಡಿಗಳನ್ನು ಸುರಿದರು. ಲಿಂಗಸುಗೂರಿನದು, ಕುಷ್ಟಗಿಯದು, ಬಾದಾಮಿಯದು ಎಲ್ಲ ಬೆರೆತವು. ಮಧ್ಯಾಹ್ನದ ಹೊತ್ತಿಗೆ ಬೆಂಚುಗಳು ಸಾಲದೆ ಜನ ಗೋಡೆಗೆ ಒರಗಿ ನಿಂತರು. ಕಳೆದ ತಿಂಗಳು ರಸ್ತೆ ದಾಟಿದ್ದ ಕೆಲವರು ತಮ್ಮ ರೂಮಿನವರ ಜೊತೆ ಬಂದು ತಲೆ ತಗ್ಗಿಸಿ ಗಲ್ಲಾದ ಮುಂದೆ ನಿಂತರು. ಹನಮಂತ ತನ್ನದೇ ಹೊಸ ಪುಸ್ತಕ ಕೊಂಡು ಜೇಬಿಗೆ ಹಾಕಿ ಮೇಲಿಂದ ತಟ್ಟಿಕೊಂಡ. ಗುರುಸಿದ್ದ ಪುಸ್ತಕ ಕೊಟ್ಟು, ಬರೆದು, ಮತ್ತೆ ಕೊಟ್ಟು, ಕೊನೆಗೆ ಕೂಗಿದ: "ಅಕ್ಕಾ, ಪುಸ್ತಕ ಮುಗದಾವ! ಕತ್ರಿಗುಪ್ಪಿಯಿಂದ ತರಿಸಬೇಕು! ಅಲ್ಲಿ ಹಂಗ ಬಿದ್ದಾವಂತ, ಈ ತಿಂಗಳೂ ಮೊದಲಿನಷ್ಟ ಹೋಗ್ಯಾವ!"

ಹೇಳಿದ ಮೇಲೆ ಅವನಿಗೇ ತಾನು ಏನು ಹೇಳಿದೆ ಎಂಬುದು ತಿಳಿದು, ತೇಜಸ್ವಿನಿಯ ಕಡೆ ನೋಡಿ ಹಲ್ಲು ಕಿರಿದ.

"ಪುಸ್ತಕ ತರಿಸು," ದಾನಮ್ಮ ಒಳಗಿನಿಂದಲೇ ಹೇಳಿದಳು. "ಮತ್ತ ಆ ಅರಿವಿಯವಂಗ ಹೇಳು. ಕತ್ರಿಗುಪ್ಪಿಗೂ ಜೆಪಿ ನಗರಕ್ಕೂ ಅರಿವಿ ಬೇಕಂತ. ನಿನ್ನ ಪುಕ್ಕಟ ಚೀಟಿ ಒಲಿಗೆ ಹಾಕು."

"ಮೂರು ದಿನದಿಂದ ಪ್ರಿಂಟರ್ ಫೋನ್ ಎತ್ತಿಲ್ಲ ನಾ," ಎಂದ ಗುರುಸಿದ್ದ, ಮರ್ಯಾದೆ ಉಳಿಸಿಕೊಳ್ಳುತ್ತ.

ಗಲ್ಲಾದ ಮೇಲಿನ ಫೋನು ಬಡಿದುಕೊಂಡಿತು, ತೇಜಸ್ವಿನಿ ಎತ್ತಿದಳು. ಸಿದ್ಧಾರ್ಥ.

"ಏನಮ್ಮಾ, ಏನಾಯ್ತು? ಅದೇನು ಗದ್ದಲ? ಜಗಳಾನಾ?"

"ಇಲ್ಲ ಸಾರ್, ಊಟ! ಮೂರೂ ಬ್ರಾಂಚಿಗೆ ಒಪ್ಕೊಂಡ್ರು ಸಾರ್!"

"ಹೌದಾ! ಪರ್ಸೆಂಟೇಜ್ ಎಷ್ಟು ಜಾಸ್ತಿ? ಕತ್ರಿಗುಪ್ಪೆ ಜೊತೆ ಹೋಲಿಸಿದ್ಯಾ? ಹಬ್ಬದ ಕಾರಣಕ್ಕೆ ಎಷ್ಟು, ಸ್ಕೀಮಿಂದ ಎಷ್ಟು? ಬೇಗ ಹೇಳು, ಜೆಪಿ ನಗರದ ಸ್ವೀಟ್ ಅಂಗಡಿಯವರು ಇಲ್ಲೇ ಕೂತಿದ್ದಾರೆ, ಅವರಿಗೂ ಒಂದು ಬುತ್ತಿ ಸ್ಕೀಮು ಬೇಕಂತೆ."

"ಅವರಿಗೆ ಬುತ್ತಿ ಹೊಂದಲ್ಲ ಸಾರ್. ಅವರ ಅಂಗಡೀಲಿ ಎರಡು ದಿನ ಕೂತು ನೋಡಿ ಆಮೇಲೆ ಹೇಳ್ತೀನಿ." ತಾನು ಹೀಗೆ ಮಾತಾಡುತ್ತಿದ್ದೇನೆಯೇ ಎಂದು ಅವಳಿಗೆ ಅನುಮಾನ ಬಂತು. ಆದರೂ ಮಾತು ಮುಂದುವರಿಯಿತು. "ಹಬ್ಬ ಕತ್ರಿಗುಪ್ಪೆಗೂ ಇತ್ತು ಸಾರ್, ಅಲ್ಲಿ ಜಾಸ್ತಿ ಆಗಿಲ್ಲ. ಇನ್ನೂ ಎರಡು ತಿಂಗಳು ನೋಡ್ಬೇಕು. ಲೆಕ್ಕ ಎಲ್ಲ ಸಂಜೆ ತರ್ತೀನಿ."

"ಈಗ್ಲೇ ಹೇಳೋಕೆ ಏನಾಗಿದೆ?"

ದಾನಮ್ಮ ಉಂಡಿಯ ಪರಾತವನ್ನು ತಂದು ಅವಳ ಕೈಗೇ ಹಿಡಿಸಿದಳು. ಬೆಂಚಿನ ತುದಿಯಿಂದ ಯಾರೋ, "ತಾಮ್ರದ ಮೇಡಂ, ಈ ಕಡೆ ಬರ್ರಿ, ಮೊದಲ ಇಲ್ಲಿಂದ!" ಎಂದು ಕರೆದರು. ಇಡೀ ಸಾಲು ನಕ್ಕಿತು.

"ಸಾರ್, ಪಂಕ್ತಿ ಕೂತಿದೆ. ಇಡ್ತೀನಿ," ಎಂದು ತೇಜಸ್ವಿನಿ ಫೋನಿಟ್ಟು ಪರಾತ ಎತ್ತಿಕೊಂಡಳು.